ಯಾವ ನಾಯಿ ಸ್ವಾಮಿ?

ಯೂಟ್ಯೂಬಿನಲ್ಲಿ "ನಾಯಿ ಕಜ್ಜಿ" ಅಂತ ಒಂದ್ಸಲ ಹುಡುಕಿ ನೋಡಿ. ಕನ್ನಡದಲ್ಲಿ ಟೈಪ್ ಮಾಡಿದರೂ ಸರಿ, ನಮ್ಮಲ್ಲಿ ಅರ್ಧಕ್ಕರ್ಧ ಜನ ಮಾಡೋ ಹಾಗೆ `nayi kajji` ಅಂತ ಮಾಡಿದರೂ ಸರಿ. ಬರುವ ಟೈಟಲ್‌ಗಳ ಧಾಟಿ ಒಂದೇ. ಒಂದೇ ಮಾತ್ರೆಗೆ ಕಜ್ಜಿ ಮಾಯ. ಮೂರೇ ದಿನದಲ್ಲಿ ಕೂದಲು ವಾಪಸ್. ಡಾಕ್ಟರ್ ಬೇಡ, ಮನೆಮದ್ದು ಸಾಕು. ಇವನ್ನು ಓದಿದಾಗಲೆಲ್ಲ ನನ್ನ ಬಾಯಿಗೆ ಬರುವುದು ಒಂದೇ ಪ್ರಶ್ನೆ: ಯಾವ ನಾಯಿ ಸ್ವಾಮಿ? ಎಷ್ಟು ವಯಸ್ಸಿಂದು? ಕಜ್ಜಿ ಅಂದ್ರೆ ಯಾವ ಕಜ್ಜಿ?

ಕ್ಲಿಕ್‌ಬೈಟ್ ಬಗ್ಗೆ ಗೊಣಗುವುದು ಹಳೇ ಚಾಳಿ, ನನ್ನ ತಕರಾರು ಅದಲ್ಲ. ಮೊಬೈಲ್ ರಿವ್ಯೂಗೆ ಸುಳ್ಳು ಟೈಟಲ್ ಇಟ್ಟರೆ ಹತ್ತು ನಿಮಿಷ ಹಾಳಾಗುತ್ತದೆ, ಅಷ್ಟೇ. ಸಾಕುಪ್ರಾಣಿಯ ಆರೋಗ್ಯದ ವಿಡಿಯೋದಲ್ಲಿ ತಳಿ, ವಯಸ್ಸು, ವಿಷಯ ಈ ಮೂರನ್ನು ಟೈಟಲ್ಲಿನಿಂದ ಕಿತ್ತುಹಾಕಿದರೆ ಉಳಿಯುವುದು ಅಪಾಯಕಾರಿ ಚೀಟಿ. ಯಾಕೆಂದರೆ ಬಹಳ ಜನ ವಿಡಿಯೋ ನೋಡುವುದೇ ಇಲ್ಲ. ಫ್ಯಾಮಿಲಿ ಗ್ರೂಪಿನಲ್ಲಿ ಚಿಕ್ಕಪ್ಪ ಫಾರ್ವರ್ಡ್ ಮಾಡಿದ ಲಿಂಕಿನಲ್ಲಿ ಕಾಣುವುದು ಥಂಬ್‌ನೇಲ್ ಮತ್ತು ಟೈಟಲ್, ಹೆಚ್ಚೆಂದರೆ ವಿವರಣೆಯ ಒಂದು ತುಣುಕು. ಅದನ್ನು ಓದಿ ಮೆಡಿಕಲ್ ಶಾಪಿಗೆ ಹೋಗುತ್ತಾರೆ. ವಿಡಿಯೋದ ಏಳನೇ ನಿಮಿಷದಲ್ಲಿ ಹೇಳಿದ ಎಚ್ಚರಿಕೆ ಆ ಶಾಪಿನವರೆಗೆ ಹೋಗಲ್ಲ.

ಉದಾಹರಣೆಗೆ ಕಜ್ಜಿಯನ್ನೇ ತಗೊಳ್ಳೋಣ.

ಕಜ್ಜಿಯ ವಿಡಿಯೋಗಳಲ್ಲಿ ಮತ್ತೆ ಮತ್ತೆ ಬರುವ ಹೆಸರು ಐವರ್‌ಮೆಕ್ಟಿನ್. ಕೋವಿಡ್ ಕಾಲದಲ್ಲಿ ನೀವೂ ಕೇಳಿರುತ್ತೀರಿ. 2021ರ ಮೇನಲ್ಲಿ ಗೋವಾ ಸರ್ಕಾರ 18 ದಾಟಿದವರಿಗೆಲ್ಲ ಅದನ್ನೇ ಕೊಡ್ತೀವಿ ಅಂತ ಹೊರಟಿತ್ತು. ಹಾಗಾಗಿ ಎಷ್ಟೋ ಮನೆಗಳ ಡಬ್ಬಿಯಲ್ಲಿ ಆ 12 ಮಿಲಿಗ್ರಾಂ ಮಾತ್ರೆ ಉಳಿದುಕೊಂಡಿದ್ದರೂ ಆಶ್ಚರ್ಯವಿಲ್ಲ. ನಾಯಿಗಳಿಗೆ ಇದು ಹೊಸ ಔಷಧಿ ಏನಲ್ಲ. ಹೃದಯದ ಹುಳು ಬಾರದಂತೆ ತಿಂಗಳಿಗೊಮ್ಮೆ ಕೊಡುವ ಪ್ರಮಾಣ ತೂಕದ ಪ್ರತಿ ಕೆಜಿಗೆ 6 ಮೈಕ್ರೋಗ್ರಾಂ. ಡೆಮೊಡೆಕ್ಸ್ ಅನ್ನುವ ಹುಳದ ಕಜ್ಜಿಗೆ ವೈದ್ಯರು ಬಳಸುತ್ತಾ ಬಂದ ಪ್ರಮಾಣ ಅದರ ಐವತ್ತರಿಂದ ನೂರು ಪಟ್ಟು, ಅದೂ ಸಣ್ಣದರಿಂದ ಶುರುಮಾಡಿ, ಕಣ್ಣಿಟ್ಟು ಏರಿಸುತ್ತಾ.

ಈಗ "ಒಂದು ಮಾತ್ರೆ" ಅನ್ನುವ ಟೈಟಲ್ಲನ್ನು ಲೆಕ್ಕಕ್ಕೆ ಹಾಕಿ. 30 ಕೆಜಿಯ ಲ್ಯಾಬ್ರಡಾರಿಗೆ ಅದು ಕೆಜಿಗೆ 400 ಮೈಕ್ರೋಗ್ರಾಂ. 5 ಕೆಜಿಯ ಮರಿಗೆ ಅದೇ ಮಾತ್ರೆ ಕೆಜಿಗೆ 2,400. ಯಾವ ತಳಿದೋಷವೂ ಇಲ್ಲದ ನಾಯಿಯಲ್ಲೂ ವಿಷದ ಲಕ್ಷಣ ಕಾಣಿಸಲು ಶುರುವಾಗುವುದು ಹೆಚ್ಚುಕಡಿಮೆ ಆ ಮಟ್ಟದಲ್ಲೇ: ಕಣ್ಣಿನ ಪಾಪೆ ಹಿಗ್ಗುತ್ತದೆ, ಕಾಲು ತಡವರಿಸುತ್ತದೆ, ಜೊಲ್ಲು ಸುರಿಯುತ್ತದೆ. ಇನ್ನೂ ಹೆಚ್ಚಾದರೆ ನಡುಕ, ಪ್ರಜ್ಞೆ ತಪ್ಪುವುದು. ಇದಕ್ಕೆ ನೇರವಾದ ಪ್ರತಿವಿಷ ಇಲ್ಲ. ಅಂದರೆ ವಯಸ್ಸು, ತೂಕ ಎರಡನ್ನೂ ಬಿಟ್ಟುಬಿಟ್ಟ ಟೈಟಲ್ ಒಂದೇ ಮಾತಿನಲ್ಲಿ ಒಂದು ನಾಯಿಗೆ ಔಷಧಿ ಹೇಳಿ ಇನ್ನೊಂದಕ್ಕೆ ವಿಷ ಹೇಳಿದಂತಾಯಿತು.

ತಳಿಯ ಕಥೆ ಇನ್ನೂ ಖಾರವಾಗಿದೆ. ಅಪಾರ್ಟ್‌ಮೆಂಟ್ ಗೇಟಿನ ಸೆಕ್ಯುರಿಟಿಯವರ ಹಾಗೆ, ಮಿದುಳಿನ ಬಾಗಿಲಲ್ಲಿ ಒಂದು ಪ್ರೋಟೀನ್ ಇರುತ್ತದೆ. ಒಳಗೆ ನುಗ್ಗುವ ಐವರ್‌ಮೆಕ್ಟಿನ್ ಅನ್ನು ಹಿಡಿದು ಆಚೆ ತಳ್ಳುವುದು ಅದರ ಕೆಲಸ. ಕಾಲಿ, ಶೆಟ್‌ಲ್ಯಾಂಡ್ ಶೀಪ್‌ಡಾಗ್, ಆಸ್ಟ್ರೇಲಿಯನ್ ಶೆಫರ್ಡ್ ಥರದ ಕುರಿಕಾಯುವ ತಳಿಗಳ ಬಹಳಷ್ಟು ನಾಯಿಗಳಲ್ಲಿ ಆ ಪ್ರೋಟೀನ್ ಸರಿಯಾಗಿ ತಯಾರಾಗುವುದೇ ಇಲ್ಲ, ಯಾಕೆಂದರೆ ಅದರ ಜೀನ್‌ನಲ್ಲಿ ನಾಲ್ಕೇ ನಾಲ್ಕು ಅಕ್ಷರ ಡಿಲೀಟ್ ಆಗಿರುತ್ತವೆ. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯ ಕಟ್ರೀನಾ ಮೀಲಿ ಮತ್ತು ಸಂಗಡಿಗರು 2001ರಲ್ಲಿ ಇದನ್ನು ಪತ್ತೆಹಚ್ಚಿದರು. ಅಲ್ಲಿನ ಲೆಕ್ಕದಲ್ಲಿ ಹತ್ತು ಕಾಲಿಗಳಲ್ಲಿ ಏಳಕ್ಕೆ ಈ ದೋಷ ಇದೆ. ಜರ್ಮನ್ ಶೆಫರ್ಡ್‌ಗಳಲ್ಲಿ ಹತ್ತಕ್ಕೊಂದು. ದೋಷವಿರುವ ನಾಯಿಗೆ ಕೆಜಿಗೆ 100 ಮೈಕ್ರೋಗ್ರಾಂ ಸಾಕು, ತೊಂದರೆ ಶುರು. ಲ್ಯಾಬ್ ತಡೆದುಕೊಂಡ 400ರ ಮಾತು ಬಿಡಿ. ಹೃದಯದ ಹುಳುವಿನ ಆ 6 ಮೈಕ್ರೋಗ್ರಾಂ ಮಾತ್ರ ಇವಕ್ಕೂ ಸುರಕ್ಷಿತ. ಅದಕ್ಕೇ "ಕಾಲಿಗೆ ಐವರ್‌ಮೆಕ್ಟಿನ್ ಕೊಡಲೇಬಾರದು" ಅಂತ ಬರೆದರೂ ತಪ್ಪೇ. ಎಷ್ಟು, ಯಾತಕ್ಕೆ ಅನ್ನುವುದು ಜೊತೆಗೆ ಬರಬೇಕು.

ಜಯನಗರದಲ್ಲಿ ಕಾಲಿ ಎಲ್ಲಿದೆ ಗುರು ಅಂತೀರಾ? ಬೆಳಿಗ್ಗೆ ಆರೂವರೆಗೆ ಲಕ್ಷ್ಮಣರಾವ್ ಪಾರ್ಕಿನ ಉದ್ದಕ್ಕೂ ನಡೆದು ನೋಡಿ. ಲ್ಯಾಬ್, ಬೀಗಲ್, ಶಿಟ್ಜುಗಳ ಮಧ್ಯೆ ಜರ್ಮನ್ ಶೆಫರ್ಡ್ ಸಿಕ್ಕೇ ಸಿಗುತ್ತದೆ. ಅದರ ಜೊತೆಗೆ "ಯಾವ ತಳಿ?" ಅಂತ ಕೇಳಿದರೆ "ಕ್ರಾಸ್" ಅನ್ನುವ ಉತ್ತರವೂ ಸಿಗುತ್ತದೆ. ಯಾವುದರ ಕ್ರಾಸ್ ಅಂತ ಕೇಳಿದರೆ ಓನರ್‌ಗೂ ಗೊತ್ತಿರಲ್ಲ. ತಳಿ ಗೊತ್ತಿಲ್ಲ ಅನ್ನುವುದೂ ಒಂದು ಮಾಹಿತಿಯೇ. ವಿವರಣೆಯಲ್ಲಿ ಅದಕ್ಕೂ ಒಂದು ಸಾಲು ಬೇಕು.

ಇನ್ನು ವಿಷಯ. ಕಜ್ಜಿ ಒಂದು ರೋಗದ ಹೆಸರಲ್ಲ, ಕಣ್ಣಿಗೆ ಕಾಣುವ ಲಕ್ಷಣ. ಸಾರ್ಕೋಪ್ಟಿಕ್ ಕಜ್ಜಿಯಲ್ಲಿ ಕಿವಿಯಂಚು, ಮೊಣಕೈ ಹತ್ತಿರ ವಿಪರೀತ ತುರಿಕೆ, ಮನೆಯವರಿಗೂ ಕೆಂಪು ಗುಳ್ಳೆ ಬರಬಹುದು. ಡೆಮೊಡೆಕ್ಸ್‌ನಲ್ಲಿ ಕಣ್ಣಿನ ಸುತ್ತ, ಮೂತಿ, ಮುಂಗಾಲಿನಲ್ಲಿ ಕೂದಲುದುರುತ್ತದೆ, ಸಾಮಾನ್ಯವಾಗಿ ತುರಿಕೆ ಕಡಿಮೆ, ಮನುಷ್ಯರಿಗೆ ಅಂಟುವುದಿಲ್ಲ. ರಿಂಗ್‌ವರ್ಮ್ ಅಂತ ಹೆಸರಿದ್ದರೂ ಅದು ಹುಳುವೇ ಅಲ್ಲ, ಶಿಲೀಂಧ್ರ. ಅದಕ್ಕೆ ಹುಳದ ಮಾತ್ರೆ ನುಂಗಿಸಿ ಏನುಪಯೋಗ? ಮೂರನ್ನೂ ಫೋಟೋ ನೋಡಿ ಬೇರ್ಪಡಿಸುವುದು ಕಷ್ಟ. ಕ್ಲಿನಿಕ್ಕಿನಲ್ಲಿ ಚರ್ಮವನ್ನು ಬ್ಲೇಡಿನಲ್ಲಿ ಕೆರೆದು, ಡೆಮೊಡೆಕ್ಸ್ ಅನುಮಾನ ಇದ್ದರೆ ಸ್ವಲ್ಪ ರಕ್ತ ಜಿನುಗುವಷ್ಟು ಆಳಕ್ಕೆ ಕೆರೆದು, ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಇಷ್ಟರ ಮೇಲೆ ವಯಸ್ಸು ಬೇರೆ. ಎಳೆ ಮರಿಗೆ ಒಂದೆರಡು ಕಡೆ ಮಾತ್ರ ಬಂದ ಡೆಮೊಡೆಕ್ಸ್ ಬಹುಪಾಲು ತಾನಾಗಿಯೇ ವಾಸಿಯಾಗುತ್ತದೆ. ವಯಸ್ಸಾದ ನಾಯಿಗೆ ಅದೇ ಹುಳು ಹೊಸದಾಗಿ ಬಂದರೆ ಒಳಗೆ ಇನ್ನೇನೋ ಕಾಯಿಲೆ ಇರಬಹುದು, ಅದನ್ನು ಹುಡುಕಬೇಕು.

"ಮೂರೇ ದಿನದಲ್ಲಿ ಮಾಯ" ಅನ್ನುವ ವಿಡಿಯೋಗಳಿಗೆ ಸಾಕ್ಷಿ ಎಲ್ಲಿಂದ ಸಿಗುತ್ತದೆ ಅಂತ ಈಗ ಗೊತ್ತಾಯಿತಲ್ಲ? ತಾನಾಗಿಯೇ ವಾಸಿಯಾಗುತ್ತಿದ್ದ ಮರಿಗೆ ಏನು ಹಚ್ಚಿದರೂ ಅದೇ ಔಷಧಿ. ನಮ್ಮೂರಲ್ಲಿ ಕಜ್ಜಿ ನಾಯಿಗೆ ಗ್ಯಾರೇಜಿನ ಸುಟ್ಟ ಆಯಿಲ್ ಬಳಿಯುತ್ತಿದ್ದರು. ಕೆಲವು ನಾಯಿ ಬದುಕಿದವು, ಆಯಿಲ್‌ಗೆ ಹೆಸರು ಬಂತು. ನೆಕ್ಕಿ ನೆಕ್ಕಿ ಸತ್ತವುಗಳ ಲೆಕ್ಕ ಯಾರೂ ಇಡಲಿಲ್ಲ. ಊರಲ್ಲಿ ಆ ಸಲಹೆ ನಾಲ್ಕು ಬೀದಿ ದಾಟುತ್ತಿರಲಿಲ್ಲ, ಈಗ ಸರ್ಚ್ ಬಾಕ್ಸಿಗೆ ಹತ್ತಿದೆ, ಅಷ್ಟೇ ವ್ಯತ್ಯಾಸ.

ನನಗೆ ಇದರ ಒಳಹೊರಗು ಗೊತ್ತಾಗಿದ್ದು ಜಯನಗರದ ಪಶುವೈದ್ಯೆಯೊಬ್ಬರಿಂದ. ಅವರ ಅಕ್ಕನ ಮಗ ಕಾಲೇಜು ಓದುತ್ತಾ ಅವರ ವಿಡಿಯೋ ಎಡಿಟ್ ಮಾಡುತ್ತಾನೆ. ಮೇಡಂ ಮಾತಾಡುವಾಗ ಒಂದೊಂದು ವಾಕ್ಯಕ್ಕೂ "ಇದ್ದರೆ", "ಇರಬಹುದು", "ನೋಡಿಯೇ ಹೇಳಬೇಕು" ಇರುತ್ತದೆ. ಅದನ್ನೆಲ್ಲ ಸೋಸಿ ಹುಡುಗ ಇಟ್ಟ ಟೈಟಲ್: "ನಾಯಿ ಕಜ್ಜಿಗೆ ಪರ್ಮನೆಂಟ್ ಪರಿಹಾರ". ಮೇಡಂ ಸಿಟ್ಟಾದರು. ಟೈಟಲ್ ಗೀಟಲ್ ಕಂಪ್ಯೂಟರಿನವರ ಕೆಲಸ ಅಂತ ನನ್ನನ್ನು ಕರೆಸಿದರು.

"ಅಣ್ಣ, ತಳಿ ವಯಸ್ಸು ಎಲ್ಲಾ ಹಾಕಿದ್ರೆ ಟೈಟಲ್ಲು ಬಸ್ ಬೋರ್ಡ್ ಥರ ಆಗುತ್ತೆ, ಯಾರು ಒತ್ತುತಾರೆ?" ಅಂದ ಹುಡುಗ.

"ಬಸ್ ಬೋರ್ಡ್ ಓದದೆ ನೀನು ಬಸ್ ಹತ್ತುತೀಯೇನೋ?" ಅಂದರು ಮೇಡಂ.

ಹುಡುಗನ ವಾದದಲ್ಲಿ ಒಂದು ನಿಜ ಇದೆ, ಅದನ್ನು ಒಪ್ಪಬೇಕು. ಜಾಗ ಕಡಿಮೆ, ಕನ್ನಡಕ್ಕಂತೂ ಇನ್ನೂ ಕಡಿಮೆ. ಯೂಟ್ಯೂಬ್ ಟೈಟಲ್ಲಿಗೆ 100 ಕ್ಯಾರೆಕ್ಟರ್ ಮಿತಿ. ಕಂಪ್ಯೂಟರ್ ನಮ್ಮ ಒತ್ತಕ್ಷರ, ಗುಣಿತಗಳನ್ನೆಲ್ಲ ಬಿಡಿಬಿಡಿಯಾಗಿ ಎಣಿಸುತ್ತದೆ:

```
>>> len("ಕಜ್ಜಿ")
5
>>> len("ಕಜ್ಜಿ".encode("utf-8"))
15
```

ಕಣ್ಣಿಗೆ ಎರಡು ಅಕ್ಷರ, ಎಣಿಕೆಗೆ ಐದು, ಬೈಟ್ ಲೆಕ್ಕದಲ್ಲಿ ಹದಿನೈದು. ಎಪಿಐ ಮೂಲಕ ಅಪ್‌ಲೋಡ್ ಮಾಡುವವರಿಗೆ ಈ ಕೊನೆಯ ಲೆಕ್ಕವೂ ಬೇಕು, ಯಾಕೆಂದರೆ ಅಲ್ಲಿ `snippet.description` ಮಿತಿ 5,000 ಬೈಟ್. ಇಂಗ್ಲಿಷಿನವರಿಗೆ ಸಿಗುವ ಜಾಗದ ಮೂರನೇ ಒಂದು ಪಾಲು ನಮಗೆ. ಇನ್ನೊಂದು ತಮಾಷೆ: ಟೈಟಲ್ಲಿನಲ್ಲೂ ವಿವರಣೆಯಲ್ಲೂ `<` ಮತ್ತು `>` ಚಿಹ್ನೆ ಹಾಕುವ ಹಾಗಿಲ್ಲ. ನಮ್ಮ ಇಂಜಿನಿಯರ್ ಬುದ್ಧಿಗೆ ಮೊದಲು ಹೊಳೆಯುವ `< 8 ವಾರ` ಅಲ್ಲಿ ನಡೆಯಲ್ಲ. "8 ವಾರಕ್ಕಿಂತ ಚಿಕ್ಕದು" ಅಂತ ಬಿಡಿಸಿಯೇ ಬರೆಯಬೇಕು. ಒಳ್ಳೆಯದೇ ಆಯಿತು, ಓದುವ ಅಜ್ಜಿಗೂ ಅರ್ಥವಾಗುತ್ತದೆ.

ಕೊನೆಗೆ ಕೂತು ಕೂಡಿಸಿದ್ದು ಇದು:

```
ಲ್ಯಾಬ್, ಇಂಡಿ ನಾಯಿಮರಿಗೆ ಕಜ್ಜಿ, 3–12 ತಿಂಗಳು: ಡಾಕ್ಟರಿಗೆ ತೋರಿಸುವ ಮೊದಲು ಏನು ಗಮನಿಸಬೇಕು?
```

ಯಂತ್ರದ ಎಣಿಕೆಯಲ್ಲಿ 81. ತಳಿ ಬಂತು, ವಯಸ್ಸು ಬಂತು, ವಿಷಯ ಬಂತು, ಇನ್ನೂ ಜಾಗ ಉಳಿದಿದೆ. ಮೊಬೈಲಿನಲ್ಲಿ ಬಾಲ ಕತ್ತರಿಸಿಹೋದರೂ ಮುಖ್ಯವಾದ ಮೂರು ಮುಂದೆಯೇ ಇವೆ. ಲ್ಯಾಬ್ ಮತ್ತು ಇಂಡಿ ಯಾಕೆ? ವಿಡಿಯೋದಲ್ಲಿ ಮೇಡಂ ತೋರಿಸಿದ್ದು ಆ ಎರಡು ಮರಿಗಳನ್ನು ಮಾತ್ರ. ಹುಡುಗ ಟ್ಯಾಗಿನಲ್ಲಿ ಪಗ್, ಹಸ್ಕಿ, ರಾಟ್‌ವೈಲರ್, ಪಾಪ ನಮ್ಮ ಮುಧೋಳವನ್ನೂ ತುಂಬಿದ್ದ. ಟ್ಯಾಗಿನಿಂದ ಹುಡುಕಾಟಕ್ಕೆ ಆಗುವ ಲಾಭ ತೀರಾ ಕಡಿಮೆ ಅಂತ ಯೂಟ್ಯೂಬೇ ಬರೆದುಕೊಂಡಿದೆ. ಅದೇ ಪಟ್ಟಿಯನ್ನು ವಿವರಣೆಯಲ್ಲಿ ಸುರಿದರೆ ಅದು ನಿಯಮದ ಉಲ್ಲಂಘನೆ. ನಿಯಮ ಬಿಡಿ, ಹಸ್ಕಿಯ ಓನರ್ ಬಂದು ನೋಡಿ, ತನ್ನ ನಾಯಿಗೂ ಇದು ಹೊಂದುತ್ತದೆ ಅಂದುಕೊಂಡರೆ ಅದು ನಾವು ಹೇಳಿಕೊಟ್ಟ ಸುಳ್ಳು.

ಪದಗಳ ಜೊತೆಗೂ ಒಂದು ಸುತ್ತು ಜಗಳ ಆಯಿತು. "ಮರಿ" ಅಂದರೆ ಮೂರು ವಾರದ್ದೂ ಮರಿ, ಹತ್ತು ತಿಂಗಳದ್ದೂ ಮರಿ. ಮನೆಯವರ ಪಾಲಿಗೆ ಹತ್ತು ವರ್ಷದ್ದೂ ಮರಿಯೇ. "ದೊಡ್ಡ ನಾಯಿ" ಇನ್ನೂ ಮೋಸದ ಪದ. ವಯಸ್ಸಿನಲ್ಲಿ ದೊಡ್ಡದೋ, ಗಾತ್ರದಲ್ಲಿ ದೊಡ್ಡದೋ? "ವಯಸ್ಸಾದ ನಾಯಿ" ಅಂದರೂ ಗ್ರೇಟ್ ಡೇನ್‌ಗೆ ಆರೇಳು ವರ್ಷಕ್ಕೇ ಬರುವ ಮುಪ್ಪು ಪೊಮೇರಿಯನ್‌ಗೆ ಹತ್ತರ ಹತ್ತಿರ. ಅದಕ್ಕೇ ಅಂಕಿ ಹಾಕಿ ಅನ್ನುವುದು: ಎಳೆಯ ಮರಿಗೆ ವಾರದ ಲೆಕ್ಕ, ವರ್ಷದವರೆಗೆ ತಿಂಗಳ ಲೆಕ್ಕ, ಆಮೇಲೆ ವರ್ಷದ ಲೆಕ್ಕ. ವಿವರಣೆಯಲ್ಲಿ ಊರೂರಿನ ಪದಗಳಿಗೂ ಜಾಗ ಕೊಡಬೇಕು. ಅವರ ಇನ್ನೊಂದು ವಿಡಿಯೋ ರಕ್ತ ಹೀರುವ ಹುಳದ ಬಗ್ಗೆ. ಅದನ್ನು ಒಂದು ಕಡೆ ಉಣ್ಣೆ ಅಂತಾರೆ, ಇನ್ನೊಂದು ಕಡೆ ಉಣುಗು. ಬರೀ "ನಾಯಿ ಉಣ್ಣೆ" ಅಂತ ಇಟ್ಟರೆ ಸ್ವೆಟರ್ ಬೇಕಾದವರು ಬಂದು ಕೂತುಕೊಳ್ಳುತ್ತಾರೆ. ಎರಡೂ ಪದ ಹಾಕಿದೆವು. ಆ ವಿಡಿಯೋದ ಮೊದಲ ಸಾಲಿನಲ್ಲೇ "ಇದು ನಾಯಿಗೆ ಮಾತ್ರ, ಬೆಕ್ಕಿಗಲ್ಲ" ಅಂತಲೂ ಹಾಕಿದೆವು. ನಾಯಿಯ ಉಣ್ಣೆಗೆ ಬಿಡುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ, ಎರಡನ್ನೂ ಸಾಕಿದ ಮನೆಗಳು ಬೇಕಾದಷ್ಟಿವೆ.

ಈಗ ಎಚ್ಚರಿಕೆಯ ಮಾತಿಗೆ ಬರೋಣ, ನನ್ನ ನಿಜವಾದ ಸಿಟ್ಟು ಇರುವುದು ಇಲ್ಲಿ. ಎಲ್ಲ ಚಾನೆಲ್ಲಿನವರೂ ಒಂದು ಸಾಲು ಹಾಕಿರುತ್ತಾರೆ: ಈ ವಿಡಿಯೋ ಕೇವಲ ಮಾಹಿತಿಗಾಗಿ. ಎಲ್ಲಿ? ವಿವರಣೆಯ ಮೂವತ್ತನೇ ಸಾಲಿನಲ್ಲಿ, ಶಾಂಪೂವಿನ ಲಿಂಕು, ಕ್ಯಾಮೆರಾದ ಲಿಂಕು, ಇನ್‌ಸ್ಟಾಗ್ರಾಂ ಲಿಂಕು ಎಲ್ಲ ಮುಗಿದ ಮೇಲೆ. ಆ ಸಾಲು ನಾಯಿಯನ್ನು ಕಾಪಾಡಲು ಬರೆದದ್ದಲ್ಲ, ಚಾನೆಲ್ಲನ್ನು ಕಾಪಾಡಲು ಬರೆದದ್ದು. ಟೈಟಲ್ಲಿನಲ್ಲಿ "ಗ್ಯಾರಂಟಿ" ಅಂದು ಕೆಳಗೆ "ನಮ್ಮ ಜವಾಬ್ದಾರಿ ಇಲ್ಲ" ಅನ್ನುವುದಕ್ಕೆ ನಮ್ಮೂರ ಸಂತೆಯಲ್ಲಿ ಬೇರೆ ಹೆಸರಿದೆ.

ಎಚ್ಚರಿಕೆ ಅಂದರೆ ಯಾರಿಗೆ, ಯಾವಾಗ, ಏನು ಮಾಡಬೇಕು ಅಂತ ಹೇಳುವುದು. "ಹೆಚ್ಚು ಒತ್ತುವ ಮೊದಲು" ಕಾಣುವ ಎರಡು ಮೂರು ಸಾಲು ಇವೆಯಲ್ಲ, ಅವೇ ಅದಕ್ಕೆ ಜಾಗ. ಮೇಡಂ ಹೇಳಿದರು, ನಾನು ಟೈಪ್ ಮಾಡಿದೆ:

```
ಕಜ್ಜಿಗೆ ಹಲವು ಕಾರಣ ಇರಬಹುದು; ಚರ್ಮದ ಪರೀಕ್ಷೆ ಇಲ್ಲದೆ ಮಾತ್ರೆ ಕೊಡಬೇಡಿ.
ಮೈಯೆಲ್ಲ ಹರಡಿದ್ದರೆ, ಕೀವು ಇದ್ದರೆ, ಊಟ ಬಿಟ್ಟಿದ್ದರೆ ಇಂದೇ ತೋರಿಸಿ.
ಕಾಲಿ, ಶೆಫರ್ಡ್ ಅಥವಾ ಗೊತ್ತಿಲ್ಲದ ಕ್ರಾಸ್ ಆಗಿದ್ದರೆ ವೈದ್ಯರಿಗೆ ಮೊದಲೇ ಹೇಳಿ.
```

ಗಮನಿಸಿ, ಇಲ್ಲಿ "ಇರಬಹುದು" ಒಂದೇ ಕಡೆ ಇದೆ, ಯಾಕೆಂದರೆ ಅನುಮಾನ ಇರುವುದು ಕಾರಣದ ಬಗ್ಗೆ ಮಾತ್ರ. ಕೀವು ಕಂಡರೆ ತೋರಿಸಬೇಕು ಅನ್ನುವುದರಲ್ಲಿ ಅನುಮಾನ ಇಲ್ಲ, ಹಾಗಾಗಿ ಅಲ್ಲಿ ಮೆತ್ತಗಿನ ಮಾತೂ ಇಲ್ಲ. ಎಲ್ಲಕ್ಕೂ "ಬಹುದು, ಬಹುದು" ಅಂತ ಸಕ್ಕರೆ ಉದುರಿಸಿದರೆ ಯಾವುದು ಅವಸರದ್ದು, ಯಾವುದು ಕಾಯುವಂಥದ್ದು ಅಂತ ಗೊತ್ತಾಗುವುದಿಲ್ಲ. "ಗುಣವಾಗುತ್ತದೆ" ಅನ್ನುವ ಕಡೆ "ಬಹುಪಾಲು ಮರಿಗಳಲ್ಲಿ ಗುಣವಾಗುತ್ತದೆ", "ಕೊಡಿ" ಅನ್ನುವ ಕಡೆ "ವೈದ್ಯರು ತೂಕ ನೋಡಿ ಕೊಡುತ್ತಾರೆ". ಇಷ್ಟು ಬದಲಾವಣೆಗೆ ಯಾವ ವ್ಯಾಕರಣವೂ ಅಡ್ಡ ಬರಲ್ಲ. ಔಷಧಿಯ ಪ್ರಮಾಣವನ್ನಂತೂ ಟೈಟಲ್, ವಿವರಣೆ, ಥಂಬ್‌ನೇಲ್ ಯಾವುದರಲ್ಲೂ ಹಾಕಬಾರದು ಅಂತ ಮೇಡಂ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು.

ಇದಕ್ಕೆಲ್ಲ ಒಂದು ಖಡಕ್ ಪ್ರತಿವಾದ ಇದೆ, ನಾನೇ ಹಲವರ ಬಾಯಲ್ಲಿ ಕೇಳಿದ್ದೇನೆ. "ನಿಮಗೇನ್ರೀ, ನಾಲ್ಕನೇ ಬ್ಲಾಕಲ್ಲಿ ಕೂತ್ಕೊಂಡು ಡಾಕ್ಟ್ರ ಹತ್ರ ಹೋಗಿ ಅಂತೀರ. ಹಳ್ಳಿಯವರು ಎಲ್ಲಿಗೆ ಹೋಗ್ಬೇಕು? ದುಡ್ಡು ಇಲ್ಲದವರು?" ನಾನು ಹಳ್ಳಿಯವನೇ, ಈ ಪ್ರಶ್ನೆಯನ್ನು ಹಗುರವಾಗಿ ತಗೊಳ್ಳಲಾರೆ. ನಮ್ಮೂರಿಗೆ ಪಶುವೈದ್ಯರು ಬರುತ್ತಿದ್ದದ್ದು ಹಸು ಎಮ್ಮೆಗೆ. ನಾಯಿಯನ್ನು ತೋರಿಸುತ್ತೇನೆ ಅಂದರೆ ಜನ ನಗುತ್ತಿದ್ದರು. ಇಲ್ಲೂ ಬಾಡಿಗೆ ರೂಮಿನಲ್ಲಿ ಬೀದಿಮರಿ ಸಾಕುವ ಹುಡುಗರಿಗೆ ಕನ್ಸಲ್ಟೇಷನ್, ಪರೀಕ್ಷೆ, ಔಷಧಿ ಸೇರಿ ಬರುವ ಬಿಲ್ಲು ಸಣ್ಣದಲ್ಲ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ನಿಜ. ಕಜ್ಜಿ ನಾಯಿಯನ್ನು ಹತ್ತಿಸಿಕೊಳ್ಳುವ ಆಟೋ ಹುಡುಕಿ ಜಯನಗರದಿಂದ ಹೆಬ್ಬಾಳಕ್ಕೆ ಹೋಗಿ ಬನ್ನಿ, ಆಮೇಲೆ ಮಾತಾಡೋಣ.

ಆದರೆ ಆ ವಾದ ಎಲ್ಲಿಗೆ ಹೋಗಿ ನಿಲ್ಲುತ್ತದೆ ನೋಡಿ. ದುಡ್ಡಿಲ್ಲದವನ ನಾಯಿಗೆ ಅಂದಾಜಿನ ಔಷಧಿ ಸಾಕು ಅಂತ. ದುಡ್ಡಿಲ್ಲದವನಿಗೆ ತಪ್ಪು ಔಷಧಿಯ ಮೇಲೆ ಐಸಿಯು ಬಿಲ್ಲು ಕಟ್ಟುವ ತಾಕತ್ತು ಇನ್ನೂ ಕಡಿಮೆ ಅಲ್ಲವೇ? ಅವನಿಗೆ ಒಂದೇ ಭೇಟಿಯಲ್ಲಿ ಕೆಲಸ ಮುಗಿಯಬೇಕು. ಅದಕ್ಕೆ ವಿಡಿಯೋ ಸಹಾಯ ಮಾಡಬಹುದು, ಚೆನ್ನಾಗಿಯೇ ಮಾಡಬಹುದು. ಮರಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ಒಬ್ಬರೇ ನಿಂತು, ವ್ಯತ್ಯಾಸ ಬರೆದುಕೊಳ್ಳಿ. ಗಾಯದ ಫೋಟೋ ದಿನಾ ಒಂದೇ ಬೆಳಕಿನಲ್ಲಿ ತೆಗೆಯಿರಿ. ಮನೆಯವರಿಗೆ ಯಾರಿಗಾದರೂ ತುರಿಕೆ ಇದೆಯಾ ನೋಡಿ. ಆಯಿಲ್, ಫಿನಾಯಿಲ್ ಹತ್ತಿರ ತರಬೇಡಿ. ಇದಕ್ಕೆ ಕಾಸು ಖರ್ಚಿಲ್ಲ, ಅಪಾಯವೂ ಇಲ್ಲ. ವಿಡಿಯೋದ ಒಳಗೆ ಇವಿಷ್ಟಕ್ಕೂ ಅಧ್ಯಾಯಗಳನ್ನು ಮಾಡಿದೆವು: ಮೊದಲನೆಯದು 00:00ರಿಂದಲೇ ಶುರುವಾಗಬೇಕು, ಕನಿಷ್ಠ ಮೂರು ಇರಬೇಕು, ಒಂದೊಂದೂ ಹತ್ತು ಸೆಕೆಂಡಾದರೂ ಇರಬೇಕು, ಇಲ್ಲದಿದ್ದರೆ ಅವು ಕಾಣಿಸುವುದೇ ಇಲ್ಲ. "ಯಾವಾಗ ತಕ್ಷಣ ಹೋಗಬೇಕು" ಅನ್ನುವುದನ್ನೇ ಮೊದಲ ಅಧ್ಯಾಯ ಮಾಡಿದ್ದಕ್ಕೆ ಹುಡುಗನಿಗೆ ಬೇಜಾರು. ಸಸ್ಪೆನ್ಸ್ ಹೋಯ್ತಂತೆ.

ಇಷ್ಟೆಲ್ಲ ಮಾಡಿದರೂ ಮೆಟಾಡೇಟಾ ಕೆಟ್ಟ ವಿಡಿಯೋವನ್ನು ಒಳ್ಳೆಯದು ಮಾಡಲ್ಲ. ಒಳಗೆ ಅಂದಾಜಿನ ಡೋಸ್ ಹೇಳಿ, ಹೊರಗೆ ಎಚ್ಚರಿಕೆಯ ಟೈಟಲ್ ಇಟ್ಟರೆ ಅದು ಇನ್ನೂ ದೊಡ್ಡ ಮೋಸ. ಕ್ಲಿಕ್ಕುಗಳೂ ಹುಡುಗ ಹೆದರಿದ ಹಾಗೆಯೇ ಕಡಿಮೆಯಾದವು, ಮುಚ್ಚಿಡುವುದೇನಿದೆ. ಆದರೆ ಮೇಡಂ ಇನ್ನೊಂದು ಲೆಕ್ಕ ಹೇಳುತ್ತಾರೆ. ಮೊದಲೆಲ್ಲ ಫೋನ್ ಮಾಡಿದವರು "ನಮ್ಮ ನಾಯಿಗೆ ಕಜ್ಜಿ, ಮಾತ್ರೆ ಹೇಳಿ" ಅನ್ನುತ್ತಿದ್ದರು. ಈಗ ಅಲ್ಲೊಬ್ಬರು ಇಲ್ಲೊಬ್ಬರು "ನಾಲ್ಕು ತಿಂಗಳ ಇಂಡಿ ಮೇಡಂ, ಆರೂವರೆ ಕೆಜಿ, ಎಡಗಣ್ಣಿನ ಸುತ್ತ ಎರಡು ವಾರದಿಂದ ಕೂದಲಿಲ್ಲ, ತುರಿಕೆ ಅಷ್ಟಿಲ್ಲ, ಮನೇಲಿ ಯಾರಿಗೂ ಏನೂ ಆಗಿಲ್ಲ, ಯಾವತ್ತು ಬರಲಿ?" ಅಂತ ಕೇಳುತ್ತಾರಂತೆ. ಥಂಬ್‌ನೇಲಿನಲ್ಲಿ ಕೆಂಪು ಬಾಣ ಇರಬೇಕೋ ಬೇಡವೋ ಅನ್ನುವ ಜಗಳ ಮಾತ್ರ ಚಿಕ್ಕಮ್ಮ-ಮಗನ ನಡುವೆ ಇನ್ನೂ ನಡೀತಾ ಇದೆ.